ಹುಷಾರಿಲ್ಲ ಅಂದರೆ ಪುಣೆಯಲ್ಲಿ ದಡ್ಡ

ಹೋದ ವರ್ಷ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಗೆ ಹಾಸನದ ಕಡೆಯ ಒಂದು ಸಂಸಾರ ಬಂತು. ಪುಣೆಗೆ ಬಂದ ಎರಡೇ ತಿಂಗಳಲ್ಲಿ ಆ ಮನೆಯ ಹೆಣ್ಣುಮಗಳು ಮರಾಠಿ ಮಾತಾಡಲು ಶುರು ಮಾಡಿದರು. ತಪ್ಪಾದರೂ ಪರವಾಗಿಲ್ಲ ಎಂದು ಧೈರ್ಯವಾಗಿ ಮಾತಾಡುವವರು. ಒಂದು ದಿನ ಬೆಳಗ್ಗೆ ಮೂರನೇ ಕ್ಲಾಸಿನ ಮಗನಿಗೆ ಜ್ವರ ಬಂತು. ಟೀಚರಿಗೆ ಫೋನ್ ಮಾಡಿ, "ಮಾಝಾ ಮುಲಗಾ ಆಜ ಹುಶಾರ ನಾಹೀ" ಎಂದರು. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಟೀಚರು ಸಮಾಧಾನದ ದನಿಯಲ್ಲಿ ಹೇಳಿದರಂತೆ: "ಅಸಂ ನಕಾ ಮ್ಹಣೂ ತಾಯೀ, ತೋ ಖೂಪ ಹುಶಾರ ಆಹೇ." ಹಾಗನ್ನಬೇಡಿ ಅಕ್ಕಾ, ಅವನು ತುಂಬಾ ಜಾಣ.

ಮರಾಠಿಯಲ್ಲಿ ಹುಶಾರ ಎಂದರೆ ಜಾಣ. ಅಷ್ಟೇ. ಮೈ ಸರಿಯಿಲ್ಲ ಅನ್ನಬೇಕಾದರೆ "ಬರಂ ನಾಹೀ" ಅನ್ನಬೇಕು. ಅವರು ಬಳಸಿದ ಪದ ಮರಾಠಿಯಲ್ಲೂ ಇದೆ, ವಾಕ್ಯವೂ ಸರಿಯಾಗಿದೆ. ಆದರೆ ಅರ್ಥ ಕನ್ನಡದ್ದು.

ನಾನು ಅಥಣಿಯವನು. ಅಥಣಿಯಿಂದ ಸ್ವಲ್ಪ ಆಚೆ ಹೋದರೆ ಮಹಾರಾಷ್ಟ್ರ. ಹಾಗಾಗಿ ಅವರ ಫಜೀತಿ ಕೇಳಿ ಜಂಬದಿಂದ ನಕ್ಕೆ. ನಮ್ಮ ಕಡೆ ಹುಷಾರ ಅಂದರೆ ಮರಾಠಿಯ ಹಾಗೇ ಜಾಣ. "ಅಂವ ಭಾಳ ಹುಷಾರ ಅದಾನ" ಎಂದರೆ ಅವನ ತಲೆ ಚುರುಕು ಎಂದೇ. ನಮ್ಮ ಮನೆಯಲ್ಲಿ ಇಂಥ ತಪ್ಪು ಆಗುವುದಿಲ್ಲ ಎಂದುಕೊಂಡೆ. ಆದರೆ ನಮ್ಮ ಅವ್ವ ಇದೇ ಗುಂಡಿಗೆ ಇನ್ನೊಂದು ಪದ ಹಿಡಿದು ಬಿದ್ದಿದ್ದಳು. ಅದು ನನಗೆ ಆಮೇಲೆ ನೆನಪಾಯಿತು.

ಅವ್ವ ಪುಣೆಗೆ ಬಂದಾಗ ಒಂದು ವಾರ ಸಣ್ಣ ಜ್ವರ, ಮೈಕೈ ನೋವು. ನಾನು ಆಫೀಸಿಗೆ ಹೋಗಿದ್ದೆ. ಅವಳೇ ಹತ್ತಿರದ ಒಂದು ದವಾಖಾನೆಗೆ ಹೋದಳು. ಅವಳಿಗೆ ಮರಾಠಿ ಚೆನ್ನಾಗಿ ಬರುತ್ತದೆ, ಅಥಣಿಯ ಸಂತೆಯಲ್ಲಿ ಕಲಿತದ್ದು. "ಮಲಾ ಆಠ ದಿವಸ ಝಾಲೇ, ಆರಾಮ ನಾಹೀ" ಎಂದಳು. ಎಂಟು ದಿನದಿಂದ ಮೈಯಲ್ಲಿ ಆರಾಮಿಲ್ಲ ಎಂಬುದು ಅವಳ ಲೆಕ್ಕ. ಡಾಕ್ಟರಿಗೆ ಕೇಳಿಸಿದ್ದು, ಎಂಟು ದಿನದಿಂದ ವಿಶ್ರಾಂತಿ ಸಿಕ್ಕಿಲ್ಲ ಎಂದು. ಮನೆಯಲ್ಲಿ ಕೆಲಸ ಜಾಸ್ತಿ ಇದೆಯಾ ಎಂದು ಕೇಳಿದರು. ಯಾವತ್ತೂ ಇರುವಷ್ಟೇ ಎಂದಳು ಅವ್ವ. ನಾಲ್ಕು ದಿನ ಕೆಲಸ ಬಿಟ್ಟು ಮಲಗಿ ಎಂದು ಹೇಳಿ ಒಂದು ಶಕ್ತಿಯ ಗುಳಿಗೆ ಬರೆದುಕೊಟ್ಟರು. ಜ್ವರ ನೋಡಲೇ ಇಲ್ಲ. ಮಾರನೇ ದಿನ ನಾನೇ ಕರೆದುಕೊಂಡು ಹೋಗಿ "ತಾಪ ಆಹೇ" ಎಂದ ಮೇಲೆ ಥರ್ಮಾಮೀಟರ್ ಹೊರಗೆ ಬಂತು.

ಈ ಎರಡು ಪ್ರಸಂಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಚಂದದ ವಿಷಯ ಕಾಣುತ್ತದೆ. ಹುಷಾರ, ಆರಾಮ ಎರಡೂ ಫಾರ್ಸಿಯಿಂದ ಬಂದ ಪದಗಳು. ಎರಡೂ ಹಿಂದಿಯಲ್ಲಿವೆ, ಮರಾಠಿಯಲ್ಲಿವೆ, ಕನ್ನಡದಲ್ಲೂ ಇವೆ. ಹಿಂದಿ, ಮರಾಠಿಗಳಲ್ಲಿ ಒಂದಕ್ಕೆ ಜಾಣ ಅಥವಾ ಎಚ್ಚರ ಎಂಬ ಅರ್ಥ, ಇನ್ನೊಂದಕ್ಕೆ ವಿಶ್ರಾಂತಿ ಎಂಬ ಅರ್ಥ. ಹಾಸನ, ಮೈಸೂರಿನ ಕಡೆಯ ಕನ್ನಡ ಹುಷಾರನ್ನು ಎತ್ತಿ 'ಆರೋಗ್ಯ'ದ ಕುರ್ಚಿಯ ಮೇಲೆ ಕೂರಿಸಿತು. ಆರಾಮನ್ನು ಮುಟ್ಟಲಿಲ್ಲ. ಅಲ್ಲಿ ಆರಾಮವಾಗಿ ಅಂದರೆ ಇವತ್ತಿಗೂ ನಿಧಾನವಾಗಿ, ಚಿಂತೆಯಿಲ್ಲದೆ. ಗಡಿ ಭಾಗದ ಕನ್ನಡ ಸರಿಯಾಗಿ ಇದರ ಉಲ್ಟಾ ಮಾಡಿತು. ಹುಷಾರ ಮರಾಠಿಯ ಜೊತೆ ಜಾಣನಾಗಿಯೇ ಉಳಿಯಿತು, ಆರಾಮ ಹೋಗಿ ಆರೋಗ್ಯದ ಕುರ್ಚಿಯಲ್ಲಿ ಕೂತಿತು. ಕುರ್ಚಿ ಒಂದೇ, ಕೂತವರು ಬೇರೆ.

ಆ ಕುರ್ಚಿ ಖಾಲಿ ಇತ್ತೇ? ಇರಲಿಲ್ಲ. ನಮ್ಮ ಕಡೆ ಜಡ್ಡು ಎಂಬ ಗಟ್ಟಿ ಪದ ಇದೆ. ಆದರೆ "ಜಡ್ಡ ಬಿದ್ದಾನ" ಅಂದರೆ ಕೇಳಿದವರು ಗಾಬರಿಯಾಗಿ ನೋಡಲು ಬರುತ್ತಾರೆ. ನೆಗಡಿ, ತಲೆಶೂಲೆಗೆಲ್ಲ ಆ ಪದ ತೀರಾ ಭಾರ. ರೋಗದ ಹೆಸರು ಬಾಯಲ್ಲಿ ಬರಬಾರದು ಎಂಬ ಹಿಂಜರಿಕೆ ಬೇರೆ. ಇಂಥ ಕಡೆ ಜನ ಹಗುರವಾದ ಮಾತು ಹುಡುಕುತ್ತಾರೆ. ನೇರವಾಗಿ ರೋಗ ಎನ್ನದೆ, ಒಳ್ಳೆಯದೊಂದು ಇಲ್ಲ ಎನ್ನುತ್ತಾರೆ. ಹಾಗಾಗಿ ಹೊರಗಿನಿಂದ ಬಂದ ಪದ ಮೊದಲು "ಇಲ್ಲ" ಎಂಬ ಬಾಗಿಲಿಂದ ಒಳಗೆ ಬಂದಿರಬೇಕು ಎಂದು ನನಗೆ ಅನಿಸುತ್ತದೆ. ಹುಷಾರು ಇಲ್ಲ, ಆರಾಮ ಇಲ್ಲ. ದಾರಿಯೂ ಅಷ್ಟೇನೂ ದೂರವಲ್ಲ. ಹಿಂದಿಯಲ್ಲಿ ಔಷಧಿ ತಗೊಂಡ ಮೇಲೆ "ಆರಾಮ ಹೈ" ಅಂದರೆ ನೋವು ಇಳಿದಿದೆ ಎಂದೇ ಅರ್ಥ. ನೋವು ಇಳಿಯುವುದರಿಂದ ಮೈ ಚೆನ್ನಾಗಿರುವುದಕ್ಕೆ ಒಂದೇ ಹೆಜ್ಜೆ. ಹುಷಾರಿನದೂ ಹಾಗೇ. ಹೋಶ್ ಎಂದರೆ ಪ್ರಜ್ಞೆ, ಎಚ್ಚರ. ಎಚ್ಚರವಾಗಿರುವವನು ಚುರುಕಾಗಿರುತ್ತಾನೆ, ಕಾಯಿಲೆ ಬಿದ್ದವನು ಮಂಕಾಗಿರುತ್ತಾನೆ.

ಇದರಲ್ಲಿ ಕನ್ನಡದ ವ್ಯಾಕರಣದ ಕೈವಾಡವೂ ಇದೆ. ಮರಾಠಿಯ ಹುಶಾರ ಒಬ್ಬ ಮನುಷ್ಯನನ್ನು ಬಣ್ಣಿಸುವ ಪದ: ಅವನು ಹುಶಾರ. ಕನ್ನಡ ಆ ಮನುಷ್ಯನ ಬೆನ್ನಿಗೆ 'ಗೆ' ಹಚ್ಚಿತು: ಅವನಿಗೆ ಹುಷಾರಿಲ್ಲ. ಹಸಿವೆ, ನೆಗಡಿ, ಜ್ವರ ಎಲ್ಲವೂ ನಮ್ಮಲ್ಲಿ ಒಬ್ಬರಿ'ಗೆ' ಆಗುವಂಥವು, ಅಲ್ವಾ? ಹುಷಾರೂ ಆ ಸಾಲಿಗೆ ಸೇರಿದ ಕೂಡಲೇ ಅದು ಮನುಷ್ಯನ ಗುಣವಾಗಿ ಉಳಿಯದೆ ಮೈಯ ಸ್ಥಿತಿಯಾಯಿತು. ಬೆಂಗಳೂರಲ್ಲೂ "ಅವನು ಭಾರಿ ಹುಷಾರು" ಎಂದರೆ ಚಾಲಾಕಿ ಎಂಬ ಹಳೇ ಅರ್ಥವೇ ಬರುತ್ತದೆ. "ಅವನಿಗೆ ಹುಷಾರಿಲ್ಲ" ಎಂದರೆ ಮಾತ್ರ ಆರೋಗ್ಯ. ಒಂದೇ ಊರಲ್ಲಿ, ಒಂದೇ ಬಾಯಲ್ಲಿ, ಒಂದು 'ಗೆ' ಅರ್ಥವನ್ನು ಬದಲಾಯಿಸುತ್ತದೆ. ಆರಾಮಿನ ಗುಟ್ಟು ಅದರ ಕ್ರಿಯಾಪದದಲ್ಲಿದೆ. "ಆರಾಮ ಕುಂತಾನ" ಎಂದರೆ ಕೆಲಸವಿಲ್ಲದೆ ಕೂತಿದ್ದಾನೆ. "ಆರಾಮ ಅದಾನ" ಎಂದರೆ ಚೆನ್ನಾಗಿದ್ದಾನೆ. "ಆರಾಮ ಆತು" ಎಂದರೆ ವಾಸಿಯಾಯಿತು. ಅರ್ಥ ಸರಿದಿದೆಯಾ ಎಂದು ತಿಳಿಯಬೇಕಾದರೆ ಆ ಪದವನ್ನೊಂದೇ ಹಿಡಿದು ನೋಡಬಾರದು. ಅದರ ಹಿಂದೆ ಏನಿದೆ, ಮುಂದೆ ಏನಿದೆ ನೋಡಬೇಕು.

ಖಬರ ಇದೇ ಬಾಗಿಲಿಂದ ಬಂದ ಇನ್ನೊಂದು ಪದ. ಹಿಂದಿಯಲ್ಲಿ ಖಬರ್ ಅಂದರೆ ಸುದ್ದಿ. ನಮ್ಮ ಕಡೆ ಅದು ಸುದ್ದಿಯಲ್ಲ, ಎಚ್ಚರ. "ನಿನಗ ಖಬರ ಐತೇನು?" ಎಂದರೆ ಬುದ್ಧಿ ನೆಟ್ಟಗಿದೆಯಾ ಎಂಬ ಬೈಗುಳ. "ಖಬರಿಲ್ಲದಂಗ ಬಿದ್ದಾನ" ಎಂದರೆ ಮೈಮೇಲೆ ಪ್ರಜ್ಞೆ ಇಲ್ಲ. ಇದಕ್ಕೆ ಕನ್ನಡದ ಬಾಲ ಹಚ್ಚಿ ಖಬರಗೇಡಿ ಎಂದೂ ಮಾಡಿಕೊಂಡಿದ್ದೇವೆ, ನಾಚಿಕೆಗೇಡಿಯ ಹಾಗೆ. ಒಂದು ಪದಕ್ಕೆ ಹೀಗೆ ಊರ ಬಾಲ ಹತ್ತಿದ ಮೇಲೆ ಅದು ಹೊರಗಿನದು ಎಂದು ಯಾರಿಗೂ ಅನಿಸುವುದಿಲ್ಲ. ಕೇಡು ಬರುವುದು ಅಲ್ಲೇ. ನಮ್ಮ ಕಾಕಾ ಸೊಲ್ಲಾಪುರದಿಂದ ಬರುವ ದಿನ ಅವರನ್ನು ಕರೆತರಲು ಸ್ಟೇಷನ್ನಿಗೆ ಹೋಗಿದ್ದ ಉತ್ತರ ಭಾರತದ ಗೆಳೆಯ ಫೋನ್ ಮಾಡಿ, "ಕಾಕಾ ಕೋ ಕುಛ್ ಖಬರ್ ನಹೀಂ ಹೈ" ಎಂದ. ನನ್ನ ಎದೆ ಧಸಕ್ಕೆಂದಿತು. ಕಾಕಾ ಪ್ಲಾಟ್‌ಫಾರ್ಮಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದಾರೆ ಎಂದೇ ಅಂದುಕೊಂಡೆ. ಅವನು ಹೇಳಿದ್ದು ಇಷ್ಟೇ: ಕರೆಯಲು ನಾನಲ್ಲ, ಅವನು ಬರುತ್ತಾನೆ ಎಂದು ಕಾಕಾಗೆ ಯಾರೂ ತಿಳಿಸಿರಲಿಲ್ಲ. ನನಗೆ ಹಿಂದಿ ಬರುತ್ತದೆ. ಖಬರ್ ಅಂದರೆ ಸುದ್ದಿ ಎಂದು ಪರೀಕ್ಷೆಯಲ್ಲಿ ಬರೆದಿದ್ದೇನೆ. ಆದರೂ ಗಾಬರಿಯಾದಾಗ ಕಿವಿಗೆ ಬಿದ್ದದ್ದು ಅಥಣಿಯ ಅರ್ಥ.

ಗೊತ್ತಿಲ್ಲದ ಪದ ಕೇಳಿದರೆ ಮನುಷ್ಯ ನಿಂತು ಕೇಳುತ್ತಾನೆ, "ಹಾಗಂದ್ರೇನು?" ಎನ್ನುತ್ತಾನೆ. ಗೊತ್ತಿರುವ ಪದ ಕೇಳಿದರೆ ನಿಲ್ಲುವುದಿಲ್ಲ. ಅದಕ್ಕೇ ಪುಣೆಯಲ್ಲಿ ಮರಾಠಿ ಬಾರದ ಕನ್ನಡಿಗನಿಗಿಂತ ಅರ್ಧ ಬರುವ ಗಡಿನಾಡಿನವನು ಜಾಸ್ತಿ ಎಡವುತ್ತಾನೆ. 2025ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಒಂದನೇ ಕ್ಲಾಸಿನಿಂದ ಹಿಂದಿಯನ್ನು ಮೂರನೇ ಭಾಷೆಯಾಗಿ ಕಡ್ಡಾಯ ಮಾಡಲು ಹೊರಟು, ಜೋರು ವಿರೋಧ ಬಂದು, ಜೂನ್ ಕೊನೆಗೆ ಆದೇಶವನ್ನು ಹಿಂದಕ್ಕೆ ತಗೊಂಡಿತು. ಆ ಗದ್ದಲದಲ್ಲಿ ನಮ್ಮ ಕನ್ನಡದ ಗೆಳೆಯರ ನಡುವೆಯೂ ವಾದ ನಡೆಯಿತು. ಹೇಗೂ ಅರ್ಧ ಪದಗಳು ಒಂದೇ, ಕಲಿಯುವುದು ಏನು ಮಹಾ ಎಂದು ಕೆಲವರು. ಆ ಅರ್ಧವೇ ತೊಂದರೆ ಕೊಡುವುದು ಎಂದು ನಾನು.

ಎಲ್ಲ ಪದಗಳೂ "ಇಲ್ಲ"ದ ಬಾಗಿಲಿಂದ ಬಂದವಲ್ಲ. ಕೆಲವು ಬಂದದ್ದು ಸಂತೆಯ ಬಾಗಿಲಿಂದ. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಚೌಕಾಸಿ.

ಪುಣೆ ಸ್ಟೇಷನ್ನಿಗೆ ಹೋಗಿ ನಿಂತರೆ "ಚೌಕಶೀ" ಎಂಬ ಬೋರ್ಡು ಕಾಣುತ್ತದೆ. ಅದರ ಕೆಳಗಿನ ಕಿಟಕಿಯಲ್ಲಿ ರೈಲಿನ ವಿಚಾರ ಕೇಳಬಹುದು. ಮೊದಲ ಸಲ ನೋಡಿದ ಮೈಸೂರಿನ ನನ್ನ ಗೆಳೆಯ, "ಇಲ್ಲಿ ಟಿಕೆಟ್ ರೇಟು ಚೌಕಾಸಿ ಮಾಡಬಹುದಾ ಮಾರಾಯ?" ಎಂದ. ತಮಾಷೆಗೆ ಅಂದದ್ದು, ಆದರೂ ಅವನ ಕನ್ನಡದ ಪ್ರಕಾರ ಬೋರ್ಡು ಹೇಳುತ್ತಿದ್ದುದು ಅದನ್ನೇ. ಕನ್ನಡದಲ್ಲಿ ಚೌಕಾಸಿ ಎಂದರೆ ಬೆಲೆ ಇಳಿಸಲು ಮಾತಿಗೆ ಮಾತು ಕೊಡುವುದು. ಮರಾಠಿಯಲ್ಲಿ ಚೌಕಶೀ ಎಂದರೆ ವಿಚಾರಣೆ. ಪೊಲೀಸರು ಮಾಡುವುದೂ ಚೌಕಶೀ, ಸರ್ಕಾರ ನೇಮಿಸುವುದೂ ಚೌಕಶೀ ಸಮಿತಿ. ಬೆಲೆ ಇಳಿಸುವ ಜಗ್ಗಾಟಕ್ಕೆ ಮರಾಠಿಯಲ್ಲಿ ಬೇರೆಯದೇ ಪದ ಇದೆ, ಘಾಸಾಘೀಸ. ಹಿಂದಿಗೆ ಬನ್ನಿ, ಅಲ್ಲಿ ಚೌಕಸೀ ಎಂದರೆ ಕಾವಲು, ಕಟ್ಟೆಚ್ಚರ. ಗಡಿಯಲ್ಲಿ ಚೌಕಸೀ ಹೆಚ್ಚಿಸಲಾಗಿದೆ ಎಂದು ಹಿಂದಿ ಟಿವಿಯಲ್ಲಿ ಹೇಳುತ್ತಾರಲ್ಲ, ಅದು. ಮುಂಬೈಯ ಗುಜರಾತಿಗಳಲ್ಲಿ ಚೋಕ್ಸಿ ಎಂಬ ಅಡ್ಡಹೆಸರು ಇದೆ. ಬಂಗಾರ ಬೆಳ್ಳಿಯನ್ನು ಒರೆ ಹಚ್ಚಿ ಪರೀಕ್ಷೆ ಮಾಡುವವರ ಕಸುಬಿನಿಂದ ಬಂದ ಹೆಸರು.

ನಾಲ್ಕೂ ಕಡೆ ತಿರುಳು ಒಂದೇ: ಕಣ್ಣಿಟ್ಟು ನೋಡುವುದು. ಕಾವಲಿನವನು ದಾರಿಯ ಮೇಲೆ ಕಣ್ಣಿಡುತ್ತಾನೆ, ಒರೆ ಹಚ್ಚುವವನು ಬಂಗಾರದ ಮೇಲೆ, ಮರಾಠಿಯ ಅಧಿಕಾರಿ ಸಂಗತಿಯ ಮೇಲೆ, ಕನ್ನಡದ ಗಿರಾಕಿ ಬೆಲೆಯ ಮೇಲೆ. ವಿಚಾರಣೆ ಹೇಗೆ ಜಗ್ಗಾಟವಾಯಿತು ಎಂದು ಊಹಿಸುವುದು ಕಷ್ಟವಲ್ಲ. ಸಂತೆಯಲ್ಲಿ ಬೆಲೆ ಕೇಳುವುದು ಅಂದರೆ ಸುಮ್ನೆ ಕೇಳಿ ಹೋಗುವುದಲ್ಲ. ಕೇಳಿ, ಮುಖ ಸಿಂಡರಿಸಿ, ಪಕ್ಕದ ಅಂಗಡಿಯ ಬೆಲೆ ಹೇಳಿ, ಎರಡು ಹೆಜ್ಜೆ ಮುಂದೆ ಹೋಗಿ, ಕರೆದಾಗ ತಿರುಗುವುದು. ಸಂತೆಯ ಜಾಗದಲ್ಲಿ ವಿಚಾರಿಸುವುದೂ ಜಗ್ಗುವುದೂ ಒಂದೇ ಕೆಲಸ. ಪದ ಸಂತೆಯಿಂದ ದೂರ ಹೋದಾಗ ಜಗ್ಗಾಟದ ಅರ್ಥ ಮಾತ್ರ ಉಳಿಯಿತು.

ನಮ್ಮ ಗಡಿಯವರಿಗೆ ಇಲ್ಲೊಂದು ಅನುಕೂಲ ಇದೆ. 1956ರ ನವೆಂಬರ್ ತನಕ ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಎಲ್ಲ ಮುಂಬೈ ರಾಜ್ಯದಲ್ಲಿದ್ದವು. ಕಚೇರಿಯ ಮರಾಠಿ ನಮ್ಮ ಅಜ್ಜಂದಿರ ಕಿವಿಗೆ ಬಿದ್ದಿತ್ತು. ಅದಕ್ಕೇ ನಮ್ಮ ಅಜ್ಜ "ಪೊಲೀಸರು ಚೌಕಶಿ ಮಾಡಾಕ ಬಂದಿದ್ರು" ಎಂದೂ ಹೇಳುತ್ತಿದ್ದ, ಎತ್ತಿನ ಸಂತೆಯಿಂದ ಬಂದು "ಭಾಳ ಚೌಕಾಶಿ ಮಾಡಿದೆ, ಇಳೀಲಿಲ್ಲ" ಎಂದೂ ಹೇಳುತ್ತಿದ್ದ. ಎರಡು ಅರ್ಥವೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಇದ್ದವು. ನನ್ನ ಮಗಳು ಪುಣೆಯಲ್ಲಿ ಬೆಳೆದವಳು, ಅವಳ ಕನ್ನಡದಲ್ಲಿ ಈಗ ಮರಾಠಿಯ ಅರ್ಥವೊಂದೇ ಉಳಿದಿದೆ. ಮೈಸೂರಿನ ಕಾಲೇಜಿನಲ್ಲಿ ಸೀಟಿನ ಬಗ್ಗೆ "ಚೌಕಶಿ ಮಾಡಿ ಬಂದೆ" ಎಂದು ಅಲ್ಲಿನ ಗೆಳತಿಗೆ ಹೇಳಿದಳಂತೆ. ಆ ಹುಡುಗಿ ಗಂಭೀರವಾಗಿ ಕೇಳಿದಳಂತೆ: "ಎಷ್ಟು ಕಮ್ಮಿ ಮಾಡಿದ್ರು?"

ಬರೋಬರ ಪದದ ಕಥೆ ಇನ್ನೊಂದು ತರಹದ್ದು. ಇದೂ ಫಾರ್ಸಿ ಮೂಲದ್ದೇ. ಹಿಂದಿಯ ಬರಾಬರ್ ಎಂದರೆ ಸಮ. ಮರಾಠಿಯ ಬರೋಬರ ಎರಡು ಕೆಲಸ ಮಾಡುತ್ತದೆ. ಒಂದು, ಸರಿ: "ತುಝಂ ಬರೋಬರ ಆಹೇ." ಇನ್ನೊಂದು, ಜೊತೆ: "ಮಾಝ್ಯಾಬರೋಬರ ಯೇ", ನನ್ನ ಜೊತೆ ಬಾ. ಕನ್ನಡ ಮೊದಲನೆಯದನ್ನು ಮಾತ್ರ ತಗೊಂಡಿತು. "ನೀ ಹೇಳಿದ್ದು ಬರೋಬರಿ ಐತಿ" ಎನ್ನುತ್ತೇವೆ, "ನನ್ನ ಬರೋಬರ ಬಾ" ಎಂದು ಯಾರೂ ಅನ್ನುವುದಿಲ್ಲ. ಕೂಡ, ಜೋಡಿ, ಸಂಗಟ ಎಂದು ನಮ್ಮಲ್ಲಿ ಬೇಕಾದಷ್ಟಿವೆ. ಅದೂ ಅಲ್ಲದೆ, ಪದದ ಬೆನ್ನಿಗೆ ಅಂಟಿಕೊಳ್ಳುವ ಇಂಥ ಸಣ್ಣ ತುಂಡುಗಳನ್ನು ಒಂದು ಭಾಷೆ ಇನ್ನೊಂದರಿಂದ ಅಷ್ಟು ಸುಲಭಕ್ಕೆ ಪಡೆಯುವುದಿಲ್ಲ. ಮುಂಬೈಯ ಹಿಂದಿಯೂ ಮರಾಠಿಯ ಅರ್ಧವನ್ನೇ ತಗೊಂಡಿದೆ. ಅಲ್ಲಿ "ಬರಾಬರ್ ಬೋಲಾ" ಎಂದರೆ ಸಮವಾಗಿ ಹೇಳಿದ ಎಂದಲ್ಲ, ಸರಿಯಾಗಿ ಹೇಳಿದ ಎಂದು.

ತಮಾಷೆ ಶುರುವಾಗುವುದು ಆಮೇಲೆ. ಎಣಿಸುವಾಗ ಬರೋಬರ ಎಂದರೆ ಸರಿಯಾಗಿ, ಒಂದೂ ಹೆಚ್ಚು ಕಮ್ಮಿ ಇಲ್ಲದೆ. "ಬರೋಬರ ಹತ್ತ ಚೀಲ ಅದಾವ." ಇದೇ ಪದ ಬೆಂಗಳೂರಿನ ಪತ್ರಿಕೆ, ಟಿವಿಗಳಲ್ಲಿ ಬ ಒತ್ತು ಸೇರಿಸಿಕೊಂಡು "ಬರೋಬ್ಬರಿ 50 ಕೋಟಿ" ಎಂದಾಗಿ ಕೂತಿದೆ. ಅಲ್ಲಿ ಅದರ ಅರ್ಥ ಸರಿಯಾಗಿ ಎಂದಲ್ಲ, ಅಬ್ಬಾ ಇಷ್ಟೊಂದು ಎಂದು. "ಬರೋಬ್ಬರಿ 3 ರೂಪಾಯಿ" ಎಂದು ಯಾರಾದರೂ ಬರೆದರೆ ಅದು ವ್ಯಂಗ್ಯ. ಲೆಕ್ಕದ ಗುಮಾಸ್ತ ಬಳಸುವ ಪದ ಕೂಗಿ ಮಾರುವವನ ಪದವಾಯಿತು. ನಮ್ಮ ಊರಿನ ಕಾಳಿನ ವ್ಯಾಪಾರಿಯೊಬ್ಬರು ಆ ತಲೆಬರಹಗಳನ್ನು ಈಗಲೂ ಹಳೇ ಅರ್ಥದಲ್ಲೇ ಓದುತ್ತಾರೆ. "ಇವರಿಗೆ ಒಂದ ರೂಪಾಯಿನೂ ಹೆಚ್ಚುಕಮ್ಮಿ ಇಲ್ಲದಂಗ ಹ್ಯಾಂಗ ಗೊತ್ತಾಗತೈತಿ?" ಎಂದು ನನ್ನನ್ನು ಕೇಳಿದ್ದರು.

ಕಿವಿಗೆ ಒಂದೇ ತರಹ ಕೇಳಿಸಿದ್ದೆಲ್ಲ ಸಾಲದ ಪದ ಎಂದುಕೊಂಡರೂ ಕಷ್ಟ. ನಮ್ಮ "ಚಲೋ ಐತಿ"ಯ ಚಲೋ ಹಿಂದಿಯ "ಚಲೋ" ಅಲ್ಲ. ಅದು ಚೆಲುವಿನ ಬಳಗದ್ದು. ಇದನ್ನು ಆಟೋದಲ್ಲಿ ಕೂತು ಫೋನಿನಲ್ಲಿ ಹೇಳಬೇಡಿ. ಜೊತೆಗಿರುವವರು ಹತ್ತುವ ಮೊದಲೇ ಗಾಡಿ ಹೊರಡುತ್ತದೆ.

ಕೊನೆಗೆ ಒಂದು ಪದ, ಇದರಲ್ಲಿ ಕನ್ನಡ, ಮರಾಠಿ ಎರಡೂ ಕಡೆಯವರು ಒಟ್ಟಿಗೆ ಸರಿದಿದ್ದಾರೆ. ಮರಾಠಿಯ ಖರಂ ಎಂದರೆ ನಿಜ. ನಮ್ಮ ಖರೇನೂ ನಿಜವೇ. ಆದರೆ ಬೆಳಗಾವಿ, ಕೊಲ್ಹಾಪುರದ ಸುತ್ತ ಕನ್ನಡದವರೂ ಮರಾಠಿಯವರೂ ಈ ಪದವನ್ನು 'ಆದರೆ' ಎಂಬ ಅರ್ಥಕ್ಕೂ ಬಳಸುತ್ತಾರೆ. "ಬರತಿದ್ದೆ ಖರೆ ಟೈಮ್ ಇಲ್ಲ." "ಆಲೋ ಅಸತೋ ಖರಂ ವೇಳ ನಾಹೀ." ದಾರಿ ಸುಲಭ: "ಬರುತ್ತಿದ್ದೆ, ನಿಜ, ಆದರೆ…" ಎನ್ನುವ ಮಾತಿನಲ್ಲಿ ಆದರೆ ಸವೆದು ಹೋಗಿ, ನಿಜವೇ ಅದರ ಕೆಲಸವನ್ನೂ ಹೊತ್ತುಕೊಂಡಿತು. ಪುಣೆಯ ಮರಾಠಿಯಲ್ಲಿ ಈ ಬಳಕೆ ಇಲ್ಲ, ಅಲ್ಲಿ ಆದರೆಗೆ ಪಣ ಎನ್ನಬೇಕು.

ನಮ್ಮ ಆಫೀಸಿನಲ್ಲಿ ಕೊಲ್ಹಾಪುರದವನೊಬ್ಬ ಇದ್ದಾನೆ. ಶನಿವಾರ ಕೆಲಸಕ್ಕೆ ಬರುತ್ತೀಯಾ ಎಂದು ಪುಣೆಯ ಮ್ಯಾನೇಜರು ಕೇಳಿದರು. "ಯೇತೋ ಖರಂ…" ಎಂದು ಶುರು ಮಾಡಿದ, ಅಷ್ಟರಲ್ಲಿ ಅವನ ಫೋನ್ ಬಂತು. ಬರುತ್ತೇನೆ, ಖಂಡಿತ ಎಂದು ಕೇಳಿಸಿಕೊಂಡ ಮ್ಯಾನೇಜರು ಖುಷಿಯಿಂದ ಹೆಸರು ಬರೆದುಕೊಂಡು ಹೋದರು. ಪಕ್ಕದಲ್ಲಿ ಕೂತಿದ್ದ ನನಗೆ ಮಾತ್ರ ಗೊತ್ತಿತ್ತು, ಅವನು ಬರುವುದಿಲ್ಲ ಎಂದು.